ಕಾಪಿ ಕೇಸ್ ಆಗಿತ್ತು: ಎಂಎಸ್ ಅರ್ಜಿಯಲ್ಲಿ ಎಲ್ಲಿ, ಎಷ್ಟು ಬರೆಯಬೇಕು?

ಠಾಣೆ_ಅಕ್ಕ
ನಮಸ್ಕಾರ. ತಮ್ಮನ ಪರವಾಗಿ ಕೇಳ್ತಿದ್ದೇನೆ, ಅವನಿಗೆ ಇಲ್ಲಿ ಬರೆಯೋಕೆ ನಾಚಿಕೆ. ಮುಂಬೈ ವಿವಿಯಲ್ಲಿ ಇಲೆಕ್ಟ್ರಾನಿಕ್ಸ್ ಅಂಡ್ ಟೆಲಿಕಾಂ ಬಿಇ ಮಾಡಿದ್ದಾನೆ, 2024ರಲ್ಲಿ ಪಾಸಾಗಿ ಈಗ ಪುಣೆಯಲ್ಲಿ ಕೆಲಸ. 2022ರ ನವೆಂಬರ್‌ನಲ್ಲಿ ಐದನೇ ಸೆಮ್‌ನ ಡಿಜಿಟಲ್ ಕಮ್ಯುನಿಕೇಶನ್ ಪೇಪರ್ ಬರೆಯುವಾಗ ಸ್ಕ್ವಾಡ್ ಬಂದು ಕ್ಯಾಲ್ಕುಲೇಟರ್ ಮುಚ್ಚಳ ತೆಗೆದು ನೋಡಿದರು. ಒಳಗೆ ಸೂತ್ರಗಳನ್ನು ಬರೆದುಕೊಂಡಿದ್ದ. ಶೋಕಾಸ್ ನೋಟಿಸ್ ಬಂತು, ವಿಚಾರಣೆ ಆಯ್ತು, ಕೊನೆಗೆ ಆ ಸೆಮ್‌ನ ಎಲ್ಲ ಥಿಯರಿ ಪೇಪರ್‌ಗಳ ಫಲಿತಾಂಶ ರದ್ದು. 2023ರ ಮೇನಲ್ಲಿ ಐದೂ ಪೇಪರ್‌ಗಳನ್ನು ಆರನೇ ಸೆಮ್ ಜೊತೆಗೇ ಬರೆದು ಪಾಸಾದ.

ಈಗ ಅಮೆರಿಕದ ನಾಲ್ಕು ವಿವಿಗಳಿಗೆ ಎಂಎಸ್‌ಗೆ ಅರ್ಜಿ ಹಾಕ್ತಿದ್ದಾನೆ, ಡಿಸೆಂಬರ್ 15 ಕೊನೇ ದಿನ. ಅರ್ಜಿಯಲ್ಲಿ "ಶಿಸ್ತು ಕ್ರಮಕ್ಕೆ ಒಳಗಾಗಿದ್ದೀರಾ" ಅಂತ ಪ್ರಶ್ನೆ ಇದೆ. ಏನು ಓದ್ಬೇಕು, ಯಾಕೆ ಅಂತ ಅರ್ಜಿ ಜೊತೆ ಕೊಡೋ ಪ್ರಬಂಧ, ಅಂದರೆ ಎಸ್‌ಒಪಿ, ಈಗಾಗಲೇ ಬರೆದಾಗಿದೆ, ಚೆನ್ನಾಗೇ ಬಂದಿದೆ. ಅದರೊಳಗೆ ಇದನ್ನೂ ಸೇರಿಸಿದರೆ ಇಡೀ ಎಸ್‌ಒಪಿ ಹಾಳಾಗುತ್ತೆ ಅಂತ ಅವನ ಭಯ. ಸೇರಿಸಬೇಕಾ? ಎಷ್ಟು ಬರೆಯಬೇಕು?

ಕೊಥ್ರೂಡ್_ಕುಲಕರ್ಣಿ
ಅಕ್ಕಾರ, ಹೆದರಬ್ಯಾಡ್ರಿ. ಆ ಪ್ರಶ್ನೆ ಈಗ ಯಾರೂ ಕೇಳಂಗಿಲ್ರೀ. ಕಾಮನ್ ಆ್ಯಪ್‌ನವರು ಅದನ್ನ ತೆಗೆದು ಹಾಕಿ ನಾಕೈದು ವರ್ಷ ಆತು. ಹಳೇ ಫಾರ್ಮ್ ನೋಡಿರಬೇಕು ನೀವು.

ವಡಾಲಾ_ಭಟ್
ಕುಲಕರ್ಣಿಯವರೇ, ಅರ್ಧ ಸರಿ. ಕಾಮನ್ ಆ್ಯಪ್ ತನ್ನ ಸಾಮಾನ್ಯ ಭಾಗದಿಂದ ಶಾಲಾ ಶಿಸ್ತಿನ ಪ್ರಶ್ನೆಯನ್ನು 2021-22ರ ಅರ್ಜಿಗಳಿಂದ ತೆಗೆದದ್ದು ಹೌದು. ಆದರೆ ಅದು ಹನ್ನೆರಡನೇ ತರಗತಿ ಮುಗಿಸಿ ಪದವಿಗೆ ಹೋಗುವವರ ಅರ್ಜಿ. ಅಲ್ಲೂ ಆಯಾ ಕಾಲೇಜು ತನ್ನ ಪ್ರತ್ಯೇಕ ಪುಟದಲ್ಲಿ ಕೇಳಬಹುದು, ಕೆಲವು ಕೇಳುತ್ತವೆ. ಎಂಎಸ್ ಅರ್ಜಿ ಪ್ರತಿ ವಿವಿಯ ಗ್ರ್ಯಾಜುಯೇಟ್ ಸ್ಕೂಲ್‌ನದೇ ಫಾರ್ಮ್, ಅದಕ್ಕೂ ಕಾಮನ್ ಆ್ಯಪ್‌ಗೂ ಸಂಬಂಧವಿಲ್ಲ. ಅಕ್ಕ ನೋಡಿದ್ದು ಹಳೇ ಫಾರ್ಮ್ ಅಲ್ಲ.

ಅಕ್ಕ, ಮೊದಲು ಒಂದು ಕೆಲಸ ಮಾಡಿ. ನಾಲ್ಕೂ ಅರ್ಜಿಗಳಲ್ಲಿರುವ ಆ ಪ್ರಶ್ನೆಯನ್ನು ಅಕ್ಷರ ಬಿಡದೆ ಒಂದೇ ಹಾಳೆಗೆ ಇಳಿಸಿಕೊಳ್ಳಿ. ನೋಡಲು ಒಂದೇ ಥರ ಇರ್ತಾವೆ, ಆದರೆ ಕೇಳುವುದು ಬೇರೆ ಬೇರೆ. "ಎಂದಾದರೂ ತಪ್ಪಿತಸ್ಥರೆಂದು ತೀರ್ಮಾನವಾಗಿದೆಯೇ" ಎಂದಿದ್ದರೆ ನಿಮ್ಮ ತಮ್ಮನ ಉತ್ತರ ಹೌದು. "ಸದ್ಯ ಅಮಾನತಿನಲ್ಲಿದ್ದೀರಾ, ಅಥವಾ ಓದಿದ ಸಂಸ್ಥೆಗೆ ಮರಳಲು ಅನರ್ಹರೇ" ಎಂದಿದ್ದರೆ ಉತ್ತರ ಇಲ್ಲ, ಅದು ಸುಳ್ಳಲ್ಲ. "ವಿಚಾರಣೆ ಬಾಕಿ ಇದೆಯೇ" ಎಂದರೂ ಇಲ್ಲ. ಇನ್ನು ಕೆಲವರು "ಆರೋಪಕ್ಕೆ ಗುರಿಯಾಗಿದ್ದೀರಾ" ಎಂದು ಕೇಳುತ್ತಾರೆ. ಅಲ್ಲಿ ಖುಲಾಸೆಯಾದವನೂ ಹೌದು ಎನ್ನಬೇಕಾಗುತ್ತದೆ. ನಾಲ್ಕಕ್ಕೂ ಕಣ್ಣುಮುಚ್ಚಿ ಒಂದೇ ಉತ್ತರ ಒತ್ತಿದರೆ ಎರಡು ಕಡೆ ತಪ್ಪಾಗುವುದು ಖಂಡಿತ.

ಎಸ್‌ಒಪಿಯಲ್ಲಿ ಹಾಕಬೇಡಿ. ಕಾರಣ ಆಮೇಲೆ ಹೇಳ್ತೇನೆ, ಮೊದಲು ಪ್ರಶ್ನೆಗಳನ್ನು ಬರೆದುಕೊಂಡು ಬನ್ನಿ.

ವಾಸ್ಕೋ_ನಾಯಕ
ನನ್ನದೂ ಇಂಥದ್ದೇ ಪ್ರಶ್ನೆ ಮಾರಾಯ್ರೆ. ಎರಡನೇ ವರ್ಷದಲ್ಲಿ ಮೂರು ಕೆಟಿ ಇದ್ದವು, ಆಮೇಲೆ ಎಲ್ಲ ಕ್ಲಿಯರ್ ಮಾಡಿದೆ. ಆ ಡಬ್ಬಿಯಲ್ಲಿ ಹೌದು ಅಂತ ಹಾಕಿ ವಿವರಣೆ ಬರೆದಿಟ್ಟಿದ್ದೇನೆ, ಮುನ್ನೂರು ಪದ. ಸಾಕಾಗುತ್ತಾ?

ವಡಾಲಾ_ಭಟ್
ನಾಯಕರೇ, ತಕ್ಷಣ ಅಳಿಸಿ! ಕೆಟಿ ಎಂದರೆ ಫೇಲಾದ ಪೇಪರ್, ಶಿಸ್ತು ಕ್ರಮ ಅಲ್ಲ. ಆ ಡಬ್ಬಿಯಲ್ಲಿ ಹೌದು ಎಂದು ಒತ್ತಿದರೆ ಅರ್ಜಿಗೆ ಒಂದು ಗುರುತು ಬಿದ್ದು ಬೇರೆ ಮೇಜಿಗೆ ಹೋಗುತ್ತದೆ. ಅಲ್ಲಿ ಕೂತವರು ಕೆಟಿ ಅಂದರೇನು ಎಂದು ಹುಡುಕುತ್ತಾ ಕೂರಬೇಕು. ಅಂಕಗಳ ಬಗ್ಗೆ ಹೇಳಲೇಬೇಕೆಂದಿದ್ದರೆ "ಹೆಚ್ಚುವರಿ ಮಾಹಿತಿ" ಇದೆಯಲ್ಲ, ಅಲ್ಲಿ ಎರಡು ಸಾಲು. ಇಲ್ಲವೆಂದರೆ ಅಂಕಪಟ್ಟಿಯೇ ಹೇಳುತ್ತದೆ.

ವಾಸ್ಕೋ_ನಾಯಕ
ಹಾಜರಿ ಕಮ್ಮಿಯಾಗಿ ಡಿಫಾಲ್ಟರ್ ಲಿಸ್ಟಿನಲ್ಲಿ ಹೆಸರು ಬಂದಿತ್ತು, ಅಪ್ಪನ ಸಹಿ ತರಲು ಹೇಳಿದ್ದರು. ಅದು?

ಪಿಂಪ್ರಿ_ಪಾಟೀಲ
ಅದಕ್ಕೆ ಒಂದೇ ಉತ್ತರ ಇಲ್ರೀ. ನೋಟಿಸ್ ಬೋರ್ಡಿನ ಯಾದಿ, ಪಾಲಕರ ಸಹಿ, ಇಷ್ಟೇ ಆಗಿದ್ರ ಅದು ಹಾಜರಿ ಲೆಕ್ಕ. ಆದ್ರ ಪ್ರಾಚಾರ್ಯರ ಸಹಿ ಇರೋ ಪತ್ರದಾಗ "ಶಿಸ್ತು ಕ್ರಮ ಕೈಗೊಳ್ಳಲಾಗಿದೆ" ಅಂತ ಬರದು ಟರ್ಮ್ ಗ್ರಾಂಟ್ ಮಾಡದ ಬಿಟ್ಟಿದ್ರ ವಿಷಯ ಬ್ಯಾರೆ. ಕಾಗದ ಏನ್ ಹೇಳ್ತದ ಅದನ್ನ ನೋಡ್ರಿ. ಜರ್ನಲ್ ನಕಲು ಮಾಡಿದ್ದಕ್ಕ ಮಾಸ್ತರ್ರು ಬೈದು ಮತ್ತೊಮ್ಮೆ ಬರೆಸಿದ್ರ ಅದು ಯಾವ ದಾಖಲೆಯೂ ಅಲ್ಲ.

ಈಗ ಅಕ್ಕನ ವಿಷಯಕ್ಕ ಬರ್ತೀನಿ. ಪರೀಕ್ಷಾ ವಿಭಾಗದಾಗ ಕೆಲಸ ಮಾಡಿದಾಂವ ನಾನು, ಹಿಂಗಾಗಿ ಹೇಳ್ತೀನಿ. ನಿಮ್ಮ ತಮ್ಮನ ಕೈಯಾಗ ಶಿಕ್ಷೆಯ ಆದೇಶದ ಪ್ರತಿ ಐತೇನು? ಇರದಿದ್ರ ಒಂದು ಸಾಲನ್ನೂ ಬರೀಬ್ಯಾಡ್ರಿ. ಮುಂಬೈ ವಿವಿಯ 5050ನೇ ಆರ್ಡಿನೆನ್ಸ್‌ನಾಗ ನಕಲು ಸಾಮಗ್ರಿ ಹತ್ರ ಇಟ್ಟುಕೊಂಡದ್ದು ಒಂದು ತಪ್ಪು, ಅದನ್ನ ನೋಡಿ ನಿಜವಾಗಿ ನಕಲು ಮಾಡಿದ್ದು ಇನ್ನೊಂದು ತಪ್ಪು, ಶಿಕ್ಷೆನೂ ಬ್ಯಾರೆ. ಇಡೀ ಪರೀಕ್ಷೆ ರದ್ದಾಗಿ ಮುಂದಿನ ಪರೀಕ್ಷೆಗೆ ಕೂಡ್ಲಿಕ್ಕೆ ಬಿಟ್ಟಾರ ಅಂದ್ರ ಬಹುತೇಕ ಮೊದಲನೇದ್ದು. ನಕಲು ಮಾಡಿದ್ದು ಸಾಬೀತಾದ್ರ ಮತ್ತೊಂದು ಪರೀಕ್ಷೆಯಿಂದನೂ ಹೊರಗ ಇಡ್ತಾರ. ಆದ್ರ "ಬಹುತೇಕ" ಅನ್ನೋದು ನನ್ನ ಊಹೆ. ಆದೇಶದಾಗಿನ ಶಬ್ದನೇ ಅರ್ಜಿಯಾಗ ಬರಬೇಕು.

ಹುಡುಗ್ರು ಏನ್ ಮಾಡ್ತಾರ ಅಂದ್ರ, ನೆನಪಿನಿಂದ "ನಾನು ಕಾಪಿ ಮಾಡಿದೆ" ಅಂತ ಬರೀತಾರ. ಆದೇಶದಾಗ ಇರೋದು "ಸಾಮಗ್ರಿ ಹೊಂದಿದ್ದ" ಅಂತ. ತಾವೇ ತಮ್ಮ ಮ್ಯಾಲೆ ದೊಡ್ಡ ತಪ್ಪು ಹೊರಿಸ್ಕೊಂಡಂಗ ಆತಲ್ಲ.

ಠಾಣೆ_ಅಕ್ಕ
ಪ್ರತಿ ಇಲ್ಲ ಪಾಟೀಲರೇ. ಕಾಲೇಜಿನಲ್ಲಿ ತೋರಿಸಿ ಸಹಿ ಹಾಕಿಸಿಕೊಂಡರಂತೆ, ಕೈಗೆ ಕೊಟ್ಟರೋ ಇಲ್ಲವೋ ಅವನಿಗೆ ನೆನಪಿಲ್ಲ. 2023ರ ಫೆಬ್ರವರಿ ಅಂತ ಹೇಳ್ತಾನೆ. ಈಗ ಹೇಗೆ ತೆಗೆಸೋದು?

ಪಿಂಪ್ರಿ_ಪಾಟೀಲ
ಕಾಲೇಜಿನ ಪರೀಕ್ಷಾ ವಿಭಾಗಕ್ಕ ಒಂದು ಅರ್ಜಿ. ಅದರಾಗ ಪಿಆರ್‌ಎನ್ ನಂಬರ್, ಆ ಪರೀಕ್ಷೆಯ ಸೀಟ್ ನಂಬರ್, ಪೇಪರಿನ ಹೆಸರು, ಪರೀಕ್ಷೆ ನಡದ ತಾರೀಖು ಇರಲಿ. ಸೀಟ್ ನಂಬರ್ ಬಿಟ್ರ ಯಾರೂ ಹುಡುಕಂಗಿಲ್ಲ. ಅಲ್ಲಿ ಸಿಗದಿದ್ರ ಕಲಿನಾದಾಗ ವಿವಿಯ ಪರೀಕ್ಷಾ ಭವನ. ಅಲ್ಲೂ ಓಡಾಡಿಸಿದ್ರ ಮಾಹಿತಿ ಹಕ್ಕು ಅರ್ಜಿ ಹಾಕ್ರಿ, ಫೀ 10 ರೂಪಾಯಿ, 30 ದಿವಸದಾಗ ಉತ್ತರ ಕೊಡಬೇಕು. ತನ್ನದೇ ದಾಖಲೆ ಕೇಳೋದು, ತಮ್ಮನ ಹೆಸರಿನಿಂದನೇ ಹಾಕ್ರಿ, ನಿಮ್ಮ ಹೆಸರಿನಿಂದ ಬ್ಯಾಡ. ಡಿಸೆಂಬರ್ 15 ಅಂದ್ರ ದಿವಸ ಭಾಳ ಇಲ್ಲ. ಕಾಲೇಜಿಗೆ ಹೋಗೋದು, ಮಾಹಿತಿ ಹಕ್ಕು ಎರಡನ್ನೂ ಒಟ್ಟಿಗೇ ಶುರು ಮಾಡ್ರಿ.

ಕೊಥ್ರೂಡ್_ಕುಲಕರ್ಣಿ
ಕಾಮನ್ ಆ್ಯಪ್ ವಿಷಯದಾಗ ತಪ್ಪಿದೆ, ಒಪ್ಪಿದೆ. ಆದ್ರ ಎಸ್‌ಒಪಿಯಾಗ ಹಾಕಬಾರದು ಅನ್ನೋದನ್ನ ಒಪ್ಪಂಗಿಲ್ಲ. ತಪ್ಪು ಮಾಡಿದೆ, ತಿದ್ದಿಕೊಂಡೆ, ಬೆಳೆದೆ ಅಂತ ಬರೆದ್ರ ಅಮೆರಿಕದವರಿಗೆ ಅದು ಸೇರ್ತದ. ಮುಚ್ಚಿಟ್ಟಂಗ ಕಾಣಬಾರದು.

ವಡಾಲಾ_ಭಟ್
ಮುಚ್ಚಿಡುವ ಮಾತೇ ಇಲ್ಲ, ಡಬ್ಬಿಯಲ್ಲಿ ಹೌದು ಎಂದು ಒತ್ತಿ ಬರೆದಾಗಿರುತ್ತದಲ್ಲ. ಪ್ರಶ್ನೆ ಇರುವುದು ಯಾರು ಯಾವುದನ್ನು ಯಾಕೆ ಓದುತ್ತಾರೆ ಎನ್ನುವುದರಲ್ಲಿ. ಎಸ್‌ಒಪಿಯನ್ನು ಓದುವುದು ವಿಭಾಗದ ಪ್ರಾಧ್ಯಾಪಕರು. ಅವರು ಹುಡುಕುವುದು ಈ ಹುಡುಗನಿಗೆ ವಯರ್‌ಲೆಸ್ ಬಗ್ಗೆ ಏನು ಗೊತ್ತು, ಪ್ರಾಜೆಕ್ಟ್‌ನಲ್ಲಿ ಏನು ಅಳೆದ, ನಮ್ಮ ಲ್ಯಾಬಿಗೆ ಹೊಂದುತ್ತಾನಾ ಎಂದು. ಎರಡು ಪುಟದಲ್ಲಿ ಒಂದು ಪ್ಯಾರಾ ಕ್ಯಾಲ್ಕುಲೇಟರ್ ಮುಚ್ಚಳಕ್ಕೆ ಹೋದರೆ ಅವರಿಗೆ ಕೊನೆಗೆ ನೆನಪಲ್ಲಿ ಉಳಿಯುವುದು ಆ ಮುಚ್ಚಳ. ಶಿಸ್ತಿನ ವಿವರಣೆಯನ್ನು ತೂಗುವವರಿಗೆ ಬೇಕಾದದ್ದು ಏನಾಯಿತು, ಯಾರು ತೀರ್ಮಾನಿಸಿದರು, ಶಿಕ್ಷೆ ಮುಗಿಯಿತಾ, ಮತ್ತೆ ಆಗಿದೆಯಾ ಎನ್ನುವಷ್ಟೇ. ಅವರಿಗೆ ಬೆಳವಣಿಗೆಯ ಕಥೆ ಬೇಡ.

ಇನ್ನೊಂದು ಮಾತು. ತಪ್ಪನ್ನು ಎಸ್‌ಒಪಿಯ ಕಥೆಯಾಗಿಸಿದಾಗ ಅದಕ್ಕೊಂದು ಲಾಭದ ವಾಸನೆ ಬರುತ್ತದೆ. ಕ್ಷಮೆ ಕೇಳುವವನು ಅದರಿಂದಲೇ ಸೀಟು ಕೇಳಿದ ಹಾಗೆ.

ಒಂದೇ ಒಂದು ವಿನಾಯಿತಿ ಇದೆ. ಅರ್ಜಿಯಲ್ಲಿ ವಿವರಣೆಗೆ ಡಬ್ಬಿಯೂ ಇಲ್ಲ, ಹೆಚ್ಚುವರಿ ಮಾಹಿತಿಗೂ ಜಾಗವಿಲ್ಲ, ಫೈಲ್ ಹಾಕಲೂ ಬಿಡುವುದಿಲ್ಲ ಎಂದಾದರೆ ಪ್ರವೇಶ ಕಚೇರಿಗೆ ಇಮೇಲ್ ಮಾಡಿ "ವಿವರಣೆಯನ್ನು ಎಲ್ಲಿ ಕಳಿಸಲಿ" ಎಂದು ಕೇಳಿ. ಅವರೇ ಎಸ್‌ಒಪಿಯ ಕೊನೆಗೆ ಸೇರಿಸಿ ಎಂದರೆ ಮಾತ್ರ ಸೇರಿಸಿ, ಅದೂ ಕೊನೇ ಪುಟದಲ್ಲಿ ಬೇರೆ ತಲೆಬರಹ ಕೊಟ್ಟು.

ಮುಲುಂಡ್_ಶೆಟ್ಟಿ
ಭಟ್ರು ಹೇಳಿದ್ದು ಸಮ. ಅಕ್ಕ, ಡಬ್ಬಿಗೆ ಬರೆದದ್ದು ಏನಾದರೂ ಇದ್ದರೆ ಇಲ್ಲಿ ಹಾಕಿ, ನೋಡುವ. ಹಾಗೇ ಎಸ್‌ಒಪಿಯಲ್ಲಿ ಐದನೇ ಸೆಮ್ ಬಗ್ಗೆ ಏನಾದರೂ ಬರೆದಿದ್ದಾನಾ ಅಂತಲೂ ನೋಡಿ. ಸಾಮಾನ್ಯವಾಗಿ ಎಡವಟ್ಟು ಇರುವುದು ಅಲ್ಲೇ.

ಠಾಣೆ_ಅಕ್ಕ
ಅವನ ಡ್ರಾಫ್ಟ್ ಇದು. ಇಂಗ್ಲಿಷ್‌ನಲ್ಲಿದ್ದದ್ದನ್ನು ಕನ್ನಡದಲ್ಲಿ ಹಾಕ್ತಿದ್ದೇನೆ:

"ಮೂರನೇ ವರ್ಷದಲ್ಲಿ ನನ್ನ ಬದುಕಿನ ಅತ್ಯಂತ ಕಠಿಣ ಘಟ್ಟವನ್ನು ಎದುರಿಸಿದೆ. ಕುಟುಂಬದ ಒತ್ತಡ ಮತ್ತು ಪಠ್ಯದ ಹೊರೆಯ ನಡುವೆ ನನ್ನಿಂದ ಒಂದು ಸಣ್ಣ ಅಚಾತುರ್ಯ ನಡೆಯಿತು. ಕ್ಯಾಲ್ಕುಲೇಟರ್ ಮುಚ್ಚಳದಲ್ಲಿ ಅಭ್ಯಾಸಕ್ಕೆಂದು ಬರೆದ ಕೆಲವು ಸೂತ್ರಗಳನ್ನು ಅಳಿಸಲು ಮರೆತಿದ್ದೆ, ಅವನ್ನು ನಾನು ಬಳಸಲೇ ಇಲ್ಲ. ದುರದೃಷ್ಟವಶಾತ್ ಮೇಲ್ವಿಚಾರಕರು ಅದನ್ನು ಯುಎಫ್‌ಎಂ ಎಂದು ಪರಿಗಣಿಸಿದರು. ಈ ಘಟನೆ ನನ್ನನ್ನು ಬಲಿಷ್ಠನನ್ನಾಗಿ ಮಾಡಿತು, ಪ್ರಾಮಾಣಿಕತೆಯ ಮಹತ್ವವನ್ನು ಕಲಿಸಿತು."

ಶೆಟ್ಟರೇ, ನೀವು ಹೇಳಿದ ಮೇಲೆ ಎಸ್‌ಒಪಿ ತೆರೆದು ನೋಡಿದೆ. "ಅನಾರೋಗ್ಯದಿಂದ ಐದನೇ ಸೆಮಿಸ್ಟರ್ ಪರೀಕ್ಷೆಗಳನ್ನು ಮುಂದಕ್ಕೆ ಹಾಕಬೇಕಾಯಿತು" ಅಂತ ಒಂದು ಸಾಲಿದೆ. ಕನ್ಸಲ್ಟೆಂಟ್ ಒಬ್ಬರು ಸೇರಿಸಲು ಹೇಳಿದ್ದಂತೆ.

ಮುಲುಂಡ್_ಶೆಟ್ಟಿ
ಅದೇ ನೋಡಿ! ಆ ಒಂದು ಸಾಲು ಕಾಪಿ ಕೇಸಿಗಿಂತ ದೊಡ್ಡ ಅಪಾಯ. ಡಬ್ಬಿಯಲ್ಲಿ ಪರೀಕ್ಷೆ ರದ್ದಾಯಿತು ಎಂದಿರುತ್ತದೆ, ಎಸ್‌ಒಪಿಯಲ್ಲಿ ಜ್ವರ ಬಂತು ಎಂದಿರುತ್ತದೆ, ಎರಡೂ ಒಂದೇ ಫೈಲಿನಲ್ಲಿ. ಹಳೇ ತಪ್ಪಿನ ಜೊತೆ ಈಗ ಹೊಸ ಸುಳ್ಳೂ ಸೇರಿತು, ಅದೂ ಅರ್ಜಿಯಲ್ಲೇ. ಮೊದಲನೆಯದನ್ನು ಕ್ಷಮಿಸುವವರೂ ಎರಡನೆಯದಕ್ಕೆ ಅರ್ಜಿ ಮುಚ್ಚುತ್ತಾರೆ. ಸೀಟು ಸಿಕ್ಕ ಮೇಲೆ ಗೊತ್ತಾದರೂ ವಾಪಸ್ ತೆಗೆಯಬಹುದು, ಅರ್ಜಿಯ ಕೊನೆಗೆ ಸಹಿ ಹಾಕುವ ಘೋಷಣೆಯಲ್ಲೇ ಅದು ಇರುತ್ತದೆ.

ಅಂಕಪಟ್ಟಿಯೂ ಸುಮ್ಮನಿರುವುದಿಲ್ಲ. ಐದನೇ ಸೆಮ್‌ನ ಪ್ರಾಕ್ಟಿಕಲ್, ಟರ್ಮ್‌ವರ್ಕ್ 2022ರದ್ದು, ಥಿಯರಿ ಎಲ್ಲ 2023ರದ್ದು. ಜ್ವರ ಬಂದವನು ಪ್ರಾಕ್ಟಿಕಲ್ಸ್ ಎಲ್ಲ ಕೊಟ್ಟು ಥಿಯರಿ ಮಾತ್ರ ಒಂದೂ ಬರೆಯದೆ ಬಿಟ್ಟನಾ ಎಂದು ಯಾರಿಗಾದರೂ ಅನಿಸುತ್ತದೆ.

ವಡಾಲಾ_ಭಟ್
ಶೆಟ್ಟರ ಮಾತಿಗೆ ನನ್ನದೂ ಸಹಿ. ಆ ಸಾಲನ್ನು ತೆಗೆದು ಆ ಜಾಗದಲ್ಲಿ ಏನನ್ನೂ ಹಾಕಬೇಡಿ. ಉಳಿದ ಎಸ್‌ಒಪಿಯನ್ನು ಮುಟ್ಟಬೇಡಿ.

ಈಗ ಡ್ರಾಫ್ಟ್. ಮೊದಲ ವಾಕ್ಯದಲ್ಲಿ ಏನಾಯಿತು ಎಂಬುದೇ ಇಲ್ಲ, ಓದುವವರು ಮೂರನೇ ವಾಕ್ಯದವರೆಗೆ ಕಾಯಬೇಕು. ಕಾಯಿಸಿದಷ್ಟೂ ದೊಡ್ಡದೇನೋ ಇದೆ ಅನಿಸುತ್ತದೆ. "ಸಣ್ಣ ಅಚಾತುರ್ಯ" ಎಂದು ತೂಕ ಹಾಕುವುದು ಅವನ ಕೆಲಸವಲ್ಲ, ಓದುವವರದ್ದು. "ದುರದೃಷ್ಟವಶಾತ್ ಮೇಲ್ವಿಚಾರಕರು" ಎಂದಾಗ ತಪ್ಪು ಮೇಲ್ವಿಚಾರಕರ ತಲೆಗೆ ಹೋಯಿತು. "ಕುಟುಂಬದ ಒತ್ತಡ" ನಿಜವೇ ಇರಬಹುದು, ಆದರೆ ಸೂತ್ರ ಬರೆದದ್ದಕ್ಕೂ ಅದಕ್ಕೂ ಏನು ಸಂಬಂಧ ಎಂದು ಹೇಳಲು ಇನ್ನೂ ಮೂರು ವಾಕ್ಯ ಬೇಕು, ಅಲ್ಲಿಗೆ ಅದು ಸಬೂಬು. ಕೊನೇ ವಾಕ್ಯವನ್ನು ಯಾರು ಬೇಕಾದರೂ ಯಾವ ತಪ್ಪಿಗೆ ಬೇಕಾದರೂ ಬರೆಯಬಹುದು. ಯುಎಫ್‌ಎಂ, ಸ್ಕ್ವಾಡ್, ಎಟಿಕೆಟಿ ಇವೆಲ್ಲ ನಮ್ಮ ಮಾತು, ಅಲ್ಲಿ ಯಾರಿಗೂ ತಿಳಿಯದು. ಶಿಕ್ಷೆ ಏನು, ಯಾವಾಗ, ಮುಗಿಯಿತಾ ಎಂಬುದಂತೂ ಇಡೀ ಡ್ರಾಫ್ಟಿನಲ್ಲಿ ಇಲ್ಲವೇ ಇಲ್ಲ! ಅವರು ಕೇಳಿದ್ದೇ ಅದನ್ನು.

ನನ್ನ ಲೆಕ್ಕಕ್ಕೆ ಐದು ವಾಕ್ಯ ಸಾಕು. ಇಂಗ್ಲಿಷ್‌ನಲ್ಲಿ ನೂರರಿಂದ ನೂರಿಪ್ಪತ್ತು ಪದ:

"2022ರ ನವೆಂಬರ್‌ನಲ್ಲಿ ಮುಂಬೈ ವಿಶ್ವವಿದ್ಯಾಲಯದ ಐದನೇ ಸೆಮಿಸ್ಟರ್ ಪರೀಕ್ಷೆಯ ಡಿಜಿಟಲ್ ಕಮ್ಯುನಿಕೇಶನ್ ಪತ್ರಿಕೆ ಬರೆಯುವಾಗ ನನ್ನ ಕ್ಯಾಲ್ಕುಲೇಟರ್ ಮುಚ್ಚಳದ ಒಳಗೆ ಕೈಬರಹದ ಸೂತ್ರಗಳು ಸಿಕ್ಕವು. ಅವನ್ನು ಬರೆದವನು ನಾನೇ, ಪರೀಕ್ಷಾ ಕೊಠಡಿಗೆ ಅವನ್ನು ಒಯ್ಯುವಂತಿಲ್ಲ ಎಂಬುದು ನನಗೆ ಗೊತ್ತಿತ್ತು. 2023ರ ಫೆಬ್ರವರಿಯಲ್ಲಿ ವಿಶ್ವವಿದ್ಯಾಲಯದ ವಿಚಾರಣಾ ಸಮಿತಿ ನಾನು ಅನುಮತಿಯಿಲ್ಲದ ಸಾಮಗ್ರಿ ಹೊಂದಿದ್ದೆ ಎಂದು ತೀರ್ಮಾನಿಸಿತು, ಆ ಸೆಮಿಸ್ಟರಿನ ಐದೂ ಲಿಖಿತ ಪತ್ರಿಕೆಗಳ ಫಲಿತಾಂಶ ರದ್ದಾಯಿತು. ಅವನ್ನು 2023ರ ಮೇನಲ್ಲಿ ಮತ್ತೆ ಬರೆದು ಉತ್ತೀರ್ಣನಾದೆ, ನನ್ನ ಅಂಕಪಟ್ಟಿಯಲ್ಲಿ ಆ ಪತ್ರಿಕೆಗಳು ಆ ದಿನಾಂಕದಲ್ಲಿರುವುದು ಇದೇ ಕಾರಣಕ್ಕೆ. ಅದಕ್ಕೆ ಮೊದಲೂ ನಂತರವೂ ನನ್ನ ಮೇಲೆ ಬೇರೆ ಶಿಸ್ತು ಕ್ರಮ ಆಗಿಲ್ಲ, 2024ರಲ್ಲಿ ಪದವಿ ಪಡೆದೆ."

ಎರಡನೇ ವಾಕ್ಯದಲ್ಲಿ "ಗೊತ್ತಿತ್ತು" ಎಂಬುದು ನಿಜವಾದರೆ ಮಾತ್ರ ಇಡಿ. ತಮ್ಮನನ್ನು ಕೂರಿಸಿ ಕೇಳಿ. ಜವಾಬ್ದಾರಿ ಹೊರುವ ಮಾತು ಇಡೀ ಟಿಪ್ಪಣಿಯಲ್ಲಿ ಅದೊಂದೇ, ಆದ್ದರಿಂದ ಅದು ಸುಳ್ಳಾಗಬಾರದು.

ಮುಲುಂಡ್_ಶೆಟ್ಟಿ
ಒಂದು ತಕರಾರು ಭಟ್ರೇ. ಅವನು ಸೂತ್ರ ನೋಡಲೇ ಇಲ್ಲ ಎಂದಾದರೆ ಅದನ್ನು ಯಾಕೆ ಬಿಡಬೇಕು? ಆದೇಶದಲ್ಲೂ ಬರೀ ಹೊಂದಿದ್ದ ಎಂದಿದ್ದರೆ ಅವನ ಪರವಾದ ಸತ್ಯ ಅದು.

ವಡಾಲಾ_ಭಟ್
ಸತ್ಯ ಇರಬಹುದು, ಆದರೆ ಪರೀಕ್ಷಿಸಲು ಬರದ ಸತ್ಯ. "ಬಳಸಲಿಲ್ಲ" ಎಂದ ಕೂಡಲೇ ಓದುವವರು "ಮತ್ತೆ ಬರೆದುಕೊಂಡು ಹೋದದ್ದು ಯಾಕೆ" ಎಂದು ಕೇಳುತ್ತಾರೆ. ಅದಕ್ಕೆ ಉತ್ತರವಾಗಿ ಇನ್ನೊಂದು ವಾಕ್ಯ, ಅದಕ್ಕೆ ಮತ್ತೊಂದು. "ಹೊಂದಿದ್ದೆ ಎಂದು ತೀರ್ಮಾನಿಸಿತು" ಎಂಬ ಮಾತೇ ನಕಲು ಸಾಬೀತಾಗಿಲ್ಲ ಎಂದು ಹೇಳುತ್ತದೆ, ಗಮನವಿಟ್ಟು ಓದುವವರಿಗೆ ಅಷ್ಟು ಸಾಕು.

ಮುಲುಂಡ್_ಶೆಟ್ಟಿ
ಗಮನವಿಟ್ಟು ಓದುತ್ತಾರೆ ಎಂಬ ನಂಬಿಕೆ ನನಗಿಲ್ಲ. "ತೀರ್ಮಾನವು ಸಾಮಗ್ರಿ ಹೊಂದಿದ್ದಕ್ಕೆ ಸೀಮಿತವಾಗಿತ್ತು" ಎಂದು ಅರ್ಧ ವಾಕ್ಯ ಸೇರಿಸುವುದರಲ್ಲಿ ತಪ್ಪೇನು? ಅದು ವಾದ ಅಲ್ಲ, ಆದೇಶದ ಸಾರ. ನಾನಾದರೆ ಹಾಕುತ್ತೇನೆ.

ವಡಾಲಾ_ಭಟ್
ಆದೇಶ ಹಾಗೆ ಹೇಳಿದರೆ ಹಾಕಬಹುದು, ಅದಕ್ಕೆ ನನ್ನ ವಿರೋಧವಿಲ್ಲ. "ನೋಡಲೇ ಇಲ್ಲ" ಎಂಬುದಕ್ಕೆ ಮಾತ್ರ ವಿರೋಧ.

ಕೊಥ್ರೂಡ್_ಕುಲಕರ್ಣಿ
ಆದೇಶದ ಪ್ರತಿ ಸಿಕ್ರ ಅದನ್ನೂ ಜೋಡಿಸಿ ಕಳಿಸೋದು ಛಲೋ ಅಲ್ಲೇನು? ಪಾರದರ್ಶಕ ಆಗ್ತದ.

ಪಿಂಪ್ರಿ_ಪಾಟೀಲ
ಕೇಳಿದ್ರ ಮಾತ್ರ ಕಳಿಸ್ರಿ. ಆದೇಶದ ಕಾಗದದಾಗ ಕಲಂ, ನಿಯಮ, ಬ್ಯಾರೆ ಹುಡುಗರ ಸೀಟ್ ನಂಬರ್ ಯಾದಿ ಎಲ್ಲ ಇರೋದುಂಟು. ಮರಾಠಿಯಾಗ ಇದ್ರ ಪ್ರಮಾಣೀಕೃತ ಅನುವಾದ ಬ್ಯಾರೆ ಮಾಡಿಸಬೇಕು. ಪ್ರತಿ ತೆಗೆಸೋದು ನಮ್ಮ ವಾಕ್ಯ ಸರಿ ಐತೋ ಇಲ್ಲೋ ನೋಡ್ಲಿಕ್ಕೆ, ಮತ್ತ ನಾಳೆ ಕೇಳಿದ್ರ ಕೈಯಾಗ ಇರ್ಲಿ ಅಂತ.

ಠಾಣೆ_ಅಕ್ಕ
ತುಂಬಾ ಉಪಕಾರ ಆಯ್ತು. ನಾಲ್ಕೂ ಅರ್ಜಿಯ ಪ್ರಶ್ನೆ ಬರೆದುಕೊಂಡೆ. ಎರಡರಲ್ಲಿ "ಎಂದಾದರೂ ತಪ್ಪಿತಸ್ಥ" ಅಂತಿದೆ, ಒಂದರಲ್ಲಿ "ಸದ್ಯ ಅಮಾನತು" ಮಾತ್ರ, ಇನ್ನೊಂದರಲ್ಲಿ ಪ್ರಶ್ನೆಯೇ ಇಲ್ಲ. ಕೊನೆಯ ಎರಡರಲ್ಲಿ ಏನು ಮಾಡೋದು?

ರೆಫರೆನ್ಸ್ ಪತ್ರ ಕೊಡುವ ಮೇಡಂಗೆ ಹೇಳಬೇಕಾ? ವೀಸಾ ಫಾರ್ಮ್‌ನಲ್ಲಿ ಕೇಳ್ತಾರಾ? ಅಮ್ಮನಿಗೆ ಅದೇ ಚಿಂತೆ.

ವಡಾಲಾ_ಭಟ್
ಕೇಳದ ಕಡೆ ಶಿಸ್ತಿನ ವಿವರ ಕೊಡಬೇಕಿಲ್ಲ ಎಂಬುದು ನನ್ನ ಅಭಿಪ್ರಾಯ. ಆದರೆ ಐದು ಪೇಪರ್ ಒಟ್ಟಿಗೆ ಮರುಬರೆದದ್ದು ಅಂಕಪಟ್ಟಿಯಲ್ಲಿ ಕಾಣುತ್ತದೆ, ಓದುವವರು ಐದರಲ್ಲೂ ಫೇಲ್ ಎಂದುಕೊಳ್ಳಬಹುದು. ಹೆಚ್ಚುವರಿ ಮಾಹಿತಿಯ ಜಾಗವಿದ್ದರೆ ಅದೇ ಟಿಪ್ಪಣಿಯ ಮೂರು, ನಾಲ್ಕನೇ ವಾಕ್ಯಗಳನ್ನು ಹಾಕುವುದು ಅವನಿಗೇ ಲಾಭ.

ಮುಲುಂಡ್_ಶೆಟ್ಟಿ
ಇಲ್ಲಿ ನಾನು ಒಪ್ಪುವುದಿಲ್ಲ. ಅವರು ಯೋಚಿಸಿಯೇ ಆ ಪ್ರಶ್ನೆ ಕೈಬಿಟ್ಟಿರುತ್ತಾರೆ. ಐದು ಪೇಪರ್ ಫೇಲ್ ಎಂದುಕೊಂಡರೆ ಆಗುವ ನಷ್ಟ ಹೆಚ್ಚೋ, ಕಾಪಿ ಕೇಸ್ ಎಂದು ಗೊತ್ತಾದರೆ ಆಗುವ ನಷ್ಟ ಹೆಚ್ಚೋ? ನಾನು ಸುಮ್ಮನಿರುವ ಪಕ್ಷ. ಒಂದೇ ಷರತ್ತು, ಆ ಅರ್ಜಿಯಲ್ಲಿ ಎಲ್ಲೂ ಬೇರೆ ಕಾರಣ ಹೇಳಬಾರದು.

ವಡಾಲಾ_ಭಟ್
ಅದು ಅಂಕಗಳ ಮೇಲೂ ಹೋಗುತ್ತದೆ. ಉಳಿದ ಸೆಮ್‌ಗಳು ಚೆನ್ನಾಗಿದ್ದರೆ ಸುಮ್ಮನಿರಬಹುದು. ಅವನೇ ನಿರ್ಧರಿಸಲಿ.

ಮೇಡಂಗೆ ಖಂಡಿತ ಹೇಳಿ, ಆ ಐದು ವಾಕ್ಯಗಳನ್ನೇ ಕಳಿಸಿ. ಪತ್ರದಲ್ಲಿ ಬರೆಯಿರಿ ಎಂದಲ್ಲ. ಗೊತ್ತಿಲ್ಲದೆ ಅವರು "ಎಲ್ಲ ಪರೀಕ್ಷೆಗಳಲ್ಲೂ ಮೊದಲ ಯತ್ನದಲ್ಲೇ" ಎಂದು ಹೊಗಳಿ ಬರೆದುಬಿಟ್ಟರೆ ಅಂಕಪಟ್ಟಿಗೆ ತಾಳೆಯಾಗುವುದಿಲ್ಲ.

ಪಿಂಪ್ರಿ_ಪಾಟೀಲ
ವೀಸಾದ ಡಿಎಸ್-160ಯಾಗ ಕಾಲೇಜಿನ ಶಿಸ್ತಿನ ಪ್ರಶ್ನೆ ಇಲ್ಲ ಅಂತ ತಾಯಿಯವರಿಗೆ ಹೇಳ್ರಿ. ಅಲ್ಲಿರೋದು ಬಂಧನ, ಅಪರಾಧ, ಶಿಕ್ಷೆ ಬಗ್ಗೆ. ಆದ್ರ ಒಂದು ಖಾತ್ರಿ ಮಾಡ್ಕೊಳ್ರಿ. ಮಹಾರಾಷ್ಟ್ರದಾಗ ಪರೀಕ್ಷಾ ಅವ್ಯವಹಾರಕ್ಕ 1982ರ ಬ್ಯಾರೆ ಕಾಯ್ದೆನೇ ಐತಿ, ಅದರಾಗ ಪೊಲೀಸ್ ಕೇಸ್ ಆಗ್ಲಿಕ್ಕೆ ಬರ್ತದ. ನಿಮ್ಮ ತಮ್ಮಂದು ವಿವಿಯ ವಿಚಾರಣೆ ಅಷ್ಟೇ ಅನ್ನಂಗ ಕಾಣ್ತದ. ಎಫ್‌ಐಆರ್ ಆಗಿಲ್ಲಂದ್ರ ಆ ಪ್ರಶ್ನೆಗೆ ಇಲ್ಲ ಅನ್ಲಿಕ್ಕೆ ಅಡ್ಡಿಯಿಲ್ಲ. ಆಗಿದ್ರ ಇಲ್ಲಿ ಕೇಳೋದು ಬಿಟ್ಟು ವಕೀಲರ ಹತ್ರ ಹೋಗ್ರಿ.

ಠಾಣೆ_ಅಕ್ಕ
ಎಫ್‌ಐಆರ್ ಇಲ್ಲ. ಇನ್ನೊಂದು ವಿಷಯ ಈಗ ಬಾಯಿ ಬಿಟ್ಟ. ಹೋದ ವರ್ಷ ಒಂದು ವಿವಿಗೆ ಅರ್ಜಿ ಹಾಕಿದ್ದನಂತೆ, ಅಲ್ಲಿ ಆ ಪ್ರಶ್ನೆಗೆ "ಇಲ್ಲ" ಅಂತ ಒತ್ತಿದ್ದನಂತೆ. ಸೀಟು ಸಿಗಲಿಲ್ಲ. ಈ ವರ್ಷದ ನಾಲ್ಕರಲ್ಲಿ ಅದೂ ಒಂದು!

ಕೊಥ್ರೂಡ್_ಕುಲಕರ್ಣಿ
ಹಂಗಾದ್ರ ಅದನ್ನ ಬಿಟ್ಟು ಬ್ಯಾರೇದಕ್ಕ ಹಾಕ್ಲಿ. ಅಮೆರಿಕದಾಗ ವಿವಿಗಳಿಗೇನು ಬರ ಐತೇನ್ರೀ?

ವಡಾಲಾ_ಭಟ್
ಈ ಸಲ ಕುಲಕರ್ಣಿಯವರದ್ದು ವ್ಯಾವಹಾರಿಕ ಮಾತು. ಹಳೇ ಅರ್ಜಿ ಅವರ ಬಳಿ ಉಳಿದಿರಬಹುದು, ಕೆಲವು ಫಾರ್ಮ್‌ಗಳು "ಹಿಂದೆ ಅರ್ಜಿ ಹಾಕಿದ್ದೀರಾ" ಎಂದೇ ಕೇಳುತ್ತವೆ. ಅಲ್ಲಿಗೇ ಹಾಕಲೇಬೇಕೆಂದರೆ ಈ ಸಲ ಹೌದು ಎಂದೇ ಒತ್ತಬೇಕು. ಟಿಪ್ಪಣಿಗೆ ಆರನೇ ವಾಕ್ಯವೂ ಬೇಕು: "ಹಿಂದಿನ ಅರ್ಜಿಯಲ್ಲಿ ಈ ಪ್ರಶ್ನೆಗೆ ನಾನು ಇಲ್ಲ ಎಂದು ಉತ್ತರಿಸಿದ್ದೆ, ಅದು ತಪ್ಪು, ಈ ಮೂಲಕ ತಿದ್ದುತ್ತಿದ್ದೇನೆ." ಪ್ರಶ್ನೆ ಅರ್ಥವಾಗಲಿಲ್ಲ ಎಂಬ ಸಬೂಬು ಬೇಡ. ಇದರಿಂದ ಅರ್ಜಿ ಬಿದ್ದುಹೋಗಲೂಬಹುದು, ಅದನ್ನು ಮುಚ್ಚಿಟ್ಟು ಹೇಳಲಾರೆ.

ಮುಲುಂಡ್_ಶೆಟ್ಟಿ
ಬಿದ್ದುಹೋಗುವುದೇ ಹೆಚ್ಚು ಅಂತ ನನಗೆ ಕಾಣ್ತದೆ. ಅರ್ಜಿ ಶುಲ್ಕ ಉಳಿಸಿ.

ವಾಸ್ಕೋ_ನಾಯಕ
ನಾನು ಡಬ್ಬಿಯಲ್ಲಿ ಹೌದು ತೆಗೆದು ಇಲ್ಲ ಮಾಡಿದೆ. ಒಂದು ಅರ್ಜಿ ಮೊನ್ನೆಯೇ ಸಬ್ಮಿಟ್ ಆಗಿಹೋಗಿದೆ. ಅದು?

ವಡಾಲಾ_ಭಟ್
ಪ್ರವೇಶ ಕಚೇರಿಗೆ ಮೂರು ಸಾಲಿನ ಇಮೇಲ್ ಮಾಡಿ. ಅರ್ಜಿ ಸಂಖ್ಯೆ ಹಾಕಿ, ಕೆಲವು ವಿಷಯಗಳಲ್ಲಿ ಫೇಲಾಗಿ ಮತ್ತೆ ಬರೆದದ್ದನ್ನು ಶಿಸ್ತು ಕ್ರಮವೆಂದು ತಪ್ಪು ತಿಳಿದು ಹೌದು ಎಂದಿದ್ದೆ, ಶಿಸ್ತು ಕ್ರಮ ಯಾವುದೂ ಇಲ್ಲ, ದಯವಿಟ್ಟು ತಿದ್ದಿ ಎಂದು ಬರೆಯಿರಿ. ಆ ಮುನ್ನೂರು ಪದಗಳನ್ನು ಮತ್ತೆ ಕಳಿಸಬೇಡಿ ಮಾರಾಯ್ರೆ.

ಠಾಣೆ_ಅಕ್ಕ
ಕಾಲೇಜಿಗೆ ಹೋಗಿ ಬಂದ. ಸೀಟ್ ನಂಬರ್ ಒಯ್ದಿದ್ದರಿಂದ ಅರ್ಧ ಗಂಟೆಯಲ್ಲಿ ಫೈಲ್ ಸಿಕ್ಕಿತಂತೆ. ಆದೇಶದಲ್ಲಿ "ಸಾಮಗ್ರಿ ಹೊಂದಿದ್ದ" ಅಂತಲೇ ಇದೆ, ಪಾಟೀಲರ ಊಹೆ ಸರಿ. ಆದರೆ ತಾರೀಖು ಫೆಬ್ರವರಿ ಅಲ್ಲ, ಮಾರ್ಚ್. ಫೆಬ್ರವರಿಯಲ್ಲಿ ಆದದ್ದು ವಿಚಾರಣೆ ಮಾತ್ರ. ಅಂಕಪಟ್ಟಿ ಪಕ್ಕದಲ್ಲಿಟ್ಟು ನೋಡಿದರೆ ಮತ್ತೆ ಬರೆದ ಥಿಯರಿ ಪೇಪರ್ ನಾಲ್ಕು, ಐದಲ್ಲ. ಐದನೆಯದಕ್ಕೆ ಲಿಖಿತ ಪರೀಕ್ಷೆಯೇ ಇರಲಿಲ್ಲವಂತೆ, ಅವನೇ ತಪ್ಪು ಎಣಿಸಿದ್ದ.

"ಗೊತ್ತಿತ್ತಾ" ಅಂತ ಕೂರಿಸಿ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೌದು ಅಂದ.

ಪಿಂಪ್ರಿ_ಪಾಟೀಲ
ತಾರೀಖು ಮತ್ತ ಸಂಖ್ಯೆ ಎರಡೂ ತಿದ್ದಿ, ಮೇಡಂಗೆ ಕಳಿಸಿದ ಪ್ರತಿಯಾಗೂ ತಿದ್ರಿ. ಆದೇಶನ ಸ್ಕ್ಯಾನ್ ಮಾಡಿ ಇಟ್ಕೊಳ್ರಿ, ಮೊಬೈಲ್ ಫೋಟೋ ಬ್ಯಾಡ.